ಕಸ್ಟಮರ್ ಕೇರ್ ನಂಬರ್ ಹುಡುಕುವ ಮುಂಚೆ: ರೊಕ್ಕ ಉಳಿಸಿಕೊಳ್ಳುವ ಎಂಟು ಸೂತ್ರಗಳು

ಮುಂಗಾರು ಬಿತ್ತನೆಯ ಹೊತ್ತು. ಬಮ್ಮಿಗಟ್ಟಿಯ ರೈತರೊಬ್ಬರು ಕಲಘಟಗಿಯ ಗೊಬ್ಬರದ ಅಂಗಡಿಗೆ ಹೋಗಿ ಎರಡು ಚೀಲ ಡಿಎಪಿ ಕೊಂಡು, ಕ್ಯೂಆರ್ ಸ್ಕ್ಯಾನ್ ಮಾಡಿ 2,700 ರೂಪಾಯಿ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಅವರ ಖಾತೆಯಿಂದ ಹಣ ಹೋದ ಮೆಸೇಜು ಬಂತು. ಅಂಗಡಿಯ ಸೌಂಡ್ ಬಾಕ್ಸ್ ಮಾತ್ರ ಸುಮ್ಮನಿದೆ.

"ಕಾಕಾ, ನನಗ ಮುಟ್ಟಿಲ್ಲರಿ."

"ನನ್ನ ಅಕೌಂಟಿನಾಗ ಕಟ್ ಆಗೇತಲ್ಲೋ ತಮ್ಮಾ!"

ರೈತರು ಗೊಬ್ಬರಕ್ಕೆ ನಗದು ಕೊಟ್ಟು ಊರಿಗೆ ಬರುತ್ತಾರೆ. ಸಂಜೆ ಮನೆಯ ಹುಡುಗನ ಕೈಗೆ ಫೋನ್ ಕೊಟ್ಟು, "ಬ್ಯಾಂಕಿನ ಕಸ್ಟಮರ್ ಕೇರ್ ನಂಬರ್ ತಗಿಯೋ" ಅನ್ನುತ್ತಾರೆ. ಹುಡುಗ ಗೂಗಲ್‌ನಲ್ಲಿ ಹುಡುಕಿ, ಮೊದಲು ಕಂಡ ನಂಬರು ಒತ್ತುತ್ತಾನೆ. ಒಂದೇ ರಿಂಗಿಗೆ ಫೋನ್ ಎತ್ತುತ್ತಾರೆ. ಆ ಕಡೆಯವನು ತುಂಬ ಮರ್ಯಾದೆಯಿಂದ ಮಾತಾಡುತ್ತಾನೆ. ಅರ್ಧ ಗಂಟೆಯೊಳಗೆ ಖಾತೆ ಖಾಲಿ.

ದೇಶದ ಊರೂರಲ್ಲಿ ನಡೆಯುತ್ತಿರುವ ಮೋಸದ ಅಚ್ಚು ಇದು. ಇದರಲ್ಲಿ ಕಳ್ಳ ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ, ನಾವೇ ಅವನಿಗೆ ಫೋನ್ ಮಾಡುತ್ತೇವೆ. ನಾವೇ ಮಾಡಿದ ಕರೆ ಎಂಬ ಕಾರಣಕ್ಕೆ ಅನುಮಾನವೂ ಬರುವುದಿಲ್ಲ. ಅಪರಿಚಿತರ ಕರೆ ಎತ್ತಬೇಡಿ ಎಂದು ಎಷ್ಟು ಎಚ್ಚರಿಸಿದರೂ ಈ ಮೋಸಕ್ಕೆ ಅದು ತಾಗುವುದಿಲ್ಲ. ಇದಕ್ಕೆ ಬೇರೆಯದೇ ಸೂತ್ರಗಳು ಬೇಕು.

1. ಸಿಕ್ಕಿಬಿದ್ದ ಹಣಕ್ಕೆ ಐದು ದಿನ ಕೊಡಿ

ಎಲ್ಲಕ್ಕಿಂತ ದೊಡ್ಡ ಸೂತ್ರ ಇದು. ನಮ್ಮ ಜನರಿಗೆ ಅತಿ ಕಡಿಮೆ ಗೊತ್ತಿರುವುದೂ ಇದೇ. ಯುಪಿಐನಲ್ಲಿ ಕಟ್ ಆಗಿ ಮುಟ್ಟದೆ ಹೋದ ಹಣವನ್ನು ವಾಪಸ್ ತರಿಸಲು ನೀವು ಯಾರಿಗೂ ಫೋನ್ ಮಾಡಬೇಕಾಗಿಲ್ಲ. ಅದು ತಾನಾಗಿ ಮರಳಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. 2019ರ ಸೆಪ್ಟೆಂಬರ್ 20ರಂದು ಹೊರಟ ಸುತ್ತೋಲೆ ಅದು.

ನಿಯಮ ಸರಳವಾಗಿದೆ. ಒಬ್ಬರಿಂದ ಇನ್ನೊಬ್ಬರ ಖಾತೆಗೆ ಕಳಿಸಿದ ಹಣ ಮುಟ್ಟದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಕಳಿಸಿದ್ದು ಮುಟ್ಟದಿದ್ದರೆ ಐದು ದಿನದೊಳಗೆ ಬರಬೇಕು. ಗಡುವು ದಾಟಿದರೆ ದಿನಕ್ಕೆ 100 ರೂಪಾಯಿಯಂತೆ ಗ್ರಾಹಕರಿಗೆ ಪರಿಹಾರ ಸಲ್ಲಬೇಕು. ಆ ಪರಿಹಾರವನ್ನೂ ದೂರಿಗೆ ಕಾಯದೆ ತಾವಾಗಿಯೇ ಕೊಡಬೇಕೆಂದು ಸುತ್ತೋಲೆ ಹೇಳುತ್ತದೆ.

ನಮ್ಮ ರೈತರು ಗೊಬ್ಬರದ ಹಣ ಹಾಕಿದ್ದು ಜೂನ್ 10ರಂದು ಅನ್ನೋಣ. 15ನೇ ತಾರೀಖಿನೊಳಗೆ 2,700 ರೂಪಾಯಿ ಖಾತೆಗೆ ಮರಳಬೇಕು. 18ಕ್ಕೆ ಮರಳಿತು ಅಂದರೆ ಮೂರು ದಿನದ ತಡಕ್ಕೆ 300 ರೂಪಾಯಿ ಅವರಿಗೆ ಸೇರಬೇಕು. ಇಷ್ಟು ಮೊದಲೇ ಗೊತ್ತಿದ್ದರೆ ಆ ಸಂಜೆ ನಂಬರು ಹುಡುಕುವ ಪ್ರಮೇಯವೇ ಬರುತ್ತಿರಲಿಲ್ಲ. ಕಳ್ಳನ ಇಡೀ ವ್ಯವಹಾರ ನಿಂತಿರುವುದು ‘ಈಗಲೇ ಏನಾದರೂ ಮಾಡದಿದ್ದರೆ ರೊಕ್ಕ ಹೋಯಿತು’ ಎಂಬ ನಮ್ಮ ಆತಂಕದ ಮೇಲೆ.

2. ದೂರು ಕೊಡಲೇಬೇಕೆಂದರೆ ಆ ವಹಿವಾಟಿನ ಮೇಲೆಯೇ ಒತ್ತಿ

ಹಣ ಕಳಿಸಿದ ಆ್ಯಪ್ ತೆರೆದು, ಹಳೆಯ ವಹಿವಾಟುಗಳ ಪಟ್ಟಿಗೆ ಹೋಗಿ, ಸಿಕ್ಕಿಬಿದ್ದ ಆ ವಹಿವಾಟಿನ ಮೇಲೆ ಒತ್ತಿ. ಸಹಾಯ ಅಥವಾ ದೂರು ಎಂಬ ಆಯ್ಕೆ ಅಲ್ಲೇ ಇರುತ್ತದೆ. ಅದೇ ಪುಟದಲ್ಲಿ ಯುಟಿಆರ್ ಎಂಬ 12 ಅಂಕಿಯ ಸಂಖ್ಯೆ ಕಾಣುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬ್ಯಾಂಕಿಗೆ ಹೋದರೆ ಗುಮಾಸ್ತರು ಮೊದಲು ಕೇಳುವುದು ಅದನ್ನೇ. ಆ ಸಂಖ್ಯೆಯಿಂದ ಹಣ ಎಲ್ಲಿ ನಿಂತಿದೆಯೆಂದು ಬ್ಯಾಂಕಿನವರು ಕಂಡುಹಿಡಿಯಬಲ್ಲರು. ನಿಮ್ಮ ಫೋನಿನೊಳಗೆ ಇಣುಕಿ ನೋಡುವ ಅಗತ್ಯ ಅವರಿಗಿಲ್ಲ.

3. ನಂಬರ್ ಬೇಕಾದರೆ ಪಾಸ್‌ಬುಕ್ ತೆಗೆಯಿರಿ

ಬ್ಯಾಂಕಿನ ಸಹಾಯವಾಣಿ ಎಟಿಎಂ ಕಾರ್ಡಿನ ಹಿಂಬದಿಯಲ್ಲಿ ಇರುತ್ತದೆ. ಪಾಸ್‌ಬುಕ್‌ನಲ್ಲಿ ಇಲ್ಲದಿದ್ದರೆ ಶಾಖೆಯ ಗೋಡೆಯ ಮೇಲೆ ಇರುತ್ತದೆ. ಜಾಲತಾಣದಲ್ಲೇ ನೋಡಬೇಕೆಂದರೆ ವಿಳಾಸ `.bank.in` ಎಂದು ಮುಗಿಯುತ್ತದೆಯೇ ಗಮನಿಸಿ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಈ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಬ್ಯಾಂಕುಗಳಲ್ಲದೆ ಬೇರೆ ಯಾರಿಗೂ ಅದು ಸಿಗುವುದಿಲ್ಲ.

ನಮ್ಮ ಭಾಗದವರಿಗೆ ಇಲ್ಲೊಂದು ಮಾತು. ಧಾರವಾಡದಲ್ಲಿ ಮುಖ್ಯ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಜೊತೆ ಒಂದಾಯಿತು. ಈಗ ಅದರ ಹೆಸರು ಕರ್ನಾಟಕ ಗ್ರಾಮೀಣ ಬ್ಯಾಂಕ್, ಮುಖ್ಯ ಕಚೇರಿ ಬಳ್ಳಾರಿಯಲ್ಲಿ. ಹೆಸರು ಬದಲಾದಾಗ, ಆ್ಯಪ್ ಬದಲಾದಾಗ ಜನ ಗೊಂದಲದಲ್ಲಿ ನಂಬರು ಹುಡುಕುತ್ತಾರೆ. ಕಳ್ಳರಿಗೆ ಬೇಕಾಗಿರುವುದೂ ಅಂಥ ಗೊಂದಲವೇ. ಆದ್ದರಿಂದ ಮುಂದಿನ ಸಲ ಶಾಖೆಗೆ ಹೋದಾಗ ಈಗಿನ ಸಹಾಯವಾಣಿ ಯಾವುದೆಂದು ಕೇಳಿ, ಫೋನಿನಲ್ಲಿ ಸೇವ್ ಮಾಡಿಕೊಂಡು ಬನ್ನಿ. ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೂ ಬರೆದುಹಾಕಿ. ತುರ್ತು ಬಂದಾಗ ಹುಡುಕಾಟ ಬೇಡ.

4. ಹುಡುಕಿದಾಗ ಮೇಲೆ ಬಂದದ್ದೆಲ್ಲ ನಿಜವಾದದ್ದಲ್ಲ

ಗೂಗಲ್‌ನಲ್ಲಿ ಕಾಣುವ ನಂಬರನ್ನು ಯಾರೋ ಪರಿಶೀಲಿಸಿ ಹಾಕಿರುತ್ತಾರೆ ಎಂಬ ನಂಬಿಕೆ ಅನೇಕರಿಗಿದೆ. ಹಾಗೇನೂ ಇಲ್ಲ. ಕಳ್ಳರು ಬ್ಯಾಂಕಿನ ಹೆಸರು, ‘ಕಸ್ಟಮರ್ ಕೇರ್’, ‘ರೀಫಂಡ್’ ಎಂಬ ಪದಗಳನ್ನೆಲ್ಲ ತುಂಬಿ ಪುಟಗಳನ್ನು ಮಾಡಿ ಬಿಡುತ್ತಾರೆ. ಕೆಲವರು ದುಡ್ಡು ಕೊಟ್ಟು ಜಾಹೀರಾತನ್ನೇ ಹಾಕಿಸುತ್ತಾರೆ. ಅಂಥವು ಎಲ್ಲಕ್ಕಿಂತ ಮೇಲೆ ಬರುತ್ತವೆ, ಪಕ್ಕದಲ್ಲಿ ಸಣ್ಣದಾಗಿ ‘ಪ್ರಾಯೋಜಿತ’ ಎಂದಿರುತ್ತದೆ. ಗೂಗಲ್ ಮ್ಯಾಪ್‌ನಲ್ಲಿ ತಿದ್ದುಪಡಿ ಸೂಚಿಸುವ ಅವಕಾಶ ಯಾರಿಗಾದರೂ ಇದೆ. ಅದನ್ನೇ ಬಳಸಿ ಬ್ಯಾಂಕ್ ಆಫ್ ಇಂಡಿಯಾ ಶಾಖೆಯ ಫೋನ್ ನಂಬರಿನ ಜಾಗದಲ್ಲಿ ತಮ್ಮ ನಂಬರು ಸೇರಿಸಿದ್ದ ಪ್ರಕರಣ 2018ರಲ್ಲಿ ಮಹಾರಾಷ್ಟ್ರದಲ್ಲಿ ಹೊರಬಿತ್ತು. ಬ್ಯಾಂಕ್ ನಿಜ, ವಿಳಾಸ ನಿಜ, ನಂಬರು ಮಾತ್ರ ಕಳ್ಳನದು.

ಬೆಂಗಳೂರಿನ ಕೋರಮಂಗಲದ ಯುವಕನೊಬ್ಬನಿಗೆ 2019ರ ಡಿಸೆಂಬರಿನಲ್ಲಿ ಆದದ್ದನ್ನು ಪತ್ರಿಕೆಗಳು ಬರೆದಿದ್ದವು. ಜೊಮ್ಯಾಟೊದಲ್ಲಿ ತರಿಸಿದ ಪಿಜ್ಜಾ ಬರಲಿಲ್ಲ. ಹಣ ವಾಪಸ್ ಕೇಳಲು ಹುಡುಕಿ ಸಿಕ್ಕ ನಂಬರಿಗೆ ಫೋನ್ ಮಾಡಿದ. ಖಾತೆಯಿಂದ ಒಟ್ಟು 95 ಸಾವಿರ ರೂಪಾಯಿ ಹೋಯಿತು. ಆಮೇಲೆ ಜೊಮ್ಯಾಟೊ ಕಂಪನಿ ಹೇಳಿದ್ದು, ತಮ್ಮಲ್ಲಿ ಫೋನ್ ಮೂಲಕ ಗ್ರಾಹಕ ಸೇವೆ ಎಂಬುದೇ ಇಲ್ಲ, ಆ್ಯಪಿನ ಚಾಟ್ ಮಾತ್ರ ಇದೆ ಎಂದು. ಈ ಮಾತು ನೆನಪಿನಲ್ಲಿಡಬೇಕು. ಫೋನ್ ನಂಬರನ್ನೇ ಇಟ್ಟುಕೊಳ್ಳದ ಕಂಪನಿಗಳಿವೆ. ಅಂಥ ಕಂಪನಿಯ ‘ನಂಬರ್’ ಸಿಕ್ಕಿತೆಂದರೆ ಅದು ಕಳ್ಳನದೇ.

ಗುರುತಿಸುವುದು ಹೇಗೆ? ಹತ್ತು ಅಂಕಿಯ ಸಾದಾ ಮೊಬೈಲ್ ನಂಬರಾಗಿದ್ದರೆ ಅಲ್ಲೇ ನಿಲ್ಲಿಸಿ. ಆ ನಂಬರನ್ನೇ ಮತ್ತೊಮ್ಮೆ ಹುಡುಕಿ ನೋಡಿ. ಒಂದೇ ನಂಬರು ಬ್ಯಾಂಕಿನದು, ಫ್ರಿಜ್ ರಿಪೇರಿಯದು, ಕೊರಿಯರ್‌ನದು ಎಂದೆಲ್ಲ ಕಂಡರೆ ಅನುಮಾನವೇ ಬೇಡ. ಟ್ರೂಕಾಲರ್ ತೋರಿಸುವ ಹೆಸರನ್ನೂ ನಂಬಬೇಡಿ, ಅದು ಜನರೇ ಕೊಟ್ಟ ಹೆಸರು. ವಾಟ್ಸ್ಆ್ಯಪ್‌ನಲ್ಲಿ ಬ್ಯಾಂಕಿನ ಲೋಗೋ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. 1800 ಎಂದು ಶುರುವಾಗಿದೆ ಎಂಬುದೂ ಪೂರ್ತಿ ಭರವಸೆಯಲ್ಲ. ಆ ನಂಬರು ಎಲ್ಲಿಂದ ಸಿಕ್ಕಿತು ಎಂಬುದೇ ಮುಖ್ಯ.

ಇನ್ನೊಂದು ಗುರುತು ನನಗೆ ಬಹಳ ಮುಖ್ಯ ಅನಿಸುತ್ತದೆ. ನಿಜವಾದ ಸಹಾಯವಾಣಿ ‘ಕನ್ನಡಕ್ಕಾಗಿ ಒತ್ತಿರಿ’ ಅನ್ನುತ್ತದೆ, ಸಂಗೀತ ಕೇಳಿಸುತ್ತದೆ, ಕಾಯಿಸುತ್ತದೆ. ಕಾದು ಬೇಸತ್ತವರೇ ಬೇರೆ ನಂಬರು ಹುಡುಕುವುದು. ಕಳ್ಳ ಒಂದೇ ರಿಂಗಿಗೆ ಎತ್ತುತ್ತಾನೆ. ತಕ್ಷಣ ಸಿಕ್ಕ ಸಹಾಯಕ್ಕೆ ಮನಸ್ಸು ಸೋಲುತ್ತದೆ. ಈ ವಿಷಯದಲ್ಲಿ ಬ್ಯಾಂಕುಗಳ ತಪ್ಪೂ ಇದೆ. ಗ್ರಾಹಕರ ಕರೆಯನ್ನು ಬೇಗ ಎತ್ತಿದ್ದರೆ ಎಷ್ಟೋ ಜನ ಕಳ್ಳರ ಬಾಗಿಲಿಗೆ ಹೋಗುತ್ತಲೇ ಇರಲಿಲ್ಲ.

5. ‘ಈ ಆ್ಯಪ್ ಹಾಕಿಕೊಳ್ಳಿ’ ಎಂದ ಕೂಡಲೇ ಫೋನ್ ಇಡಿ

ಆ ಕಡೆಯವನು ಮೊದಲ ಎರಡು ನಿಮಿಷ ಏನೂ ಕೇಳುವುದಿಲ್ಲ. ನಿಮ್ಮ ಕಷ್ಟ ಕೇಳಿಕೊಳ್ಳುತ್ತಾನೆ, ‘ಕಂಪ್ಲೇಂಟ್ ನಂಬರ್’ ಒಂದನ್ನು ಬರೆಸುತ್ತಾನೆ. ಆಮೇಲೆ, "ಸರ್, ನಿಮ್ಮ ರೀಫಂಡ್ ಸರ್ವರಿನಲ್ಲಿ ನಿಂತಿದೆ. ಒಂದು ಸಪೋರ್ಟ್ ಆ್ಯಪ್ ಹಾಕಿಕೊಳ್ಳಿ, ನಾನೇ ಮಾಡಿಕೊಡುತ್ತೇನೆ" ಅನ್ನುತ್ತಾನೆ. ಎನಿಡೆಸ್ಕ್, ಟೀಮ್‌ವ್ಯೂವರ್ ಕ್ವಿಕ್‌ಸಪೋರ್ಟ್ ಹೆಚ್ಚಾಗಿ ಕೇಳಿಬರುವ ಹೆಸರುಗಳು. ಇವು ಕಳ್ಳ ಆ್ಯಪ್‌ಗಳಲ್ಲ. ಕಂಪನಿಗಳಲ್ಲಿ ದೂರದಿಂದ ಕಂಪ್ಯೂಟರ್ ಸರಿಪಡಿಸಲು ಬಳಸುವ ಅಸಲಿ ಸಾಧನಗಳು, ಪ್ಲೇ ಸ್ಟೋರಿನಲ್ಲೇ ಸಿಗುತ್ತವೆ. ಅದಕ್ಕೇ ಹಾಕಿಕೊಳ್ಳುವಾಗ ಫೋನ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಎನಿಡೆಸ್ಕ್ ಹೆಸರೆತ್ತಿ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕಳಿಸಿತ್ತು.

ಆ್ಯಪ್ ತೆರೆದರೆ ಪರದೆಯ ಮೇಲೆ ಒಂದು ಅಂಕಿಯ ಸಾಲು ಬರುತ್ತದೆ. ಎನಿಡೆಸ್ಕ್‌ನಲ್ಲಿ ಸಾಮಾನ್ಯವಾಗಿ ಒಂಬತ್ತು ಅಂಕಿ. ‘ಅದನ್ನು ಓದಿ ಹೇಳಿ’ ಅನ್ನುತ್ತಾನೆ. ಓಟಿಪಿ ಹೇಳಬಾರದೆಂದು ಗೊತ್ತಿರುವವರೂ ಇದನ್ನು ಹೇಳಿಬಿಡುತ್ತಾರೆ, ಇದು ಓಟಿಪಿ ಅಲ್ಲವಲ್ಲ. ಮುಂದೆ ಪರದೆಯಲ್ಲಿ ಕಾಣುವುದೆಲ್ಲವನ್ನೂ ಆ್ಯಪ್ ಸೆರೆಹಿಡಿಯುತ್ತದೆ ಎಂದು ಇಂಗ್ಲಿಷಿನಲ್ಲಿ ಒಂದು ಸೂಚನೆ ಬಂದು, ಕೆಳಗೆ `Start now` ಎಂದೋ ಅಂಥದ್ದೇ ಇನ್ನೇನೋ ಇರುತ್ತದೆ. ‘ಅದನ್ನು ಒತ್ತಿ’ ಅನ್ನುತ್ತಾನೆ. ಒತ್ತಿದ ಗಳಿಗೆಯಿಂದ ನಿಮ್ಮ ಪರದೆ ಅವನಿಗೂ ಕಾಣುತ್ತದೆ. ಬರುವ ಓಟಿಪಿ ನಿಮಗಿಂತ ಮೊದಲು ಅವನೇ ಓದಬಲ್ಲ. ‘ಆಕ್ಸೆಸಿಬಿಲಿಟಿ’ ಎಂಬ ಅನುಮತಿಯನ್ನೂ ಕೊಡಿಸಿಕೊಂಡರೆ ನೋಡುವುದಷ್ಟೇ ಅಲ್ಲ, ಆಂಡ್ರಾಯ್ಡ್ ಫೋನಿನಲ್ಲಿ ನಿಮ್ಮ ಪರವಾಗಿ ಒತ್ತಲೂ ಬಲ್ಲ.

ಈಗೀಗ ಅನೇಕ ಬ್ಯಾಂಕ್ ಆ್ಯಪ್‌ಗಳು ಪರದೆ ಹಂಚಿಕೆ ನಡೆಯುತ್ತಿದ್ದರೆ ತೆರೆಯುವುದಿಲ್ಲ, ಇಲ್ಲವೇ ಆ ಕಡೆಗೆ ಕಪ್ಪಾಗಿ ಕಾಣುತ್ತವೆ. ಹಾಗೆಂದು ಬಚಾವಾದೆವು ಅಂದುಕೊಳ್ಳಬೇಡಿ. ಕಳ್ಳರು ದಾರಿ ಬದಲಿಸಿದ್ದಾರೆ. ‘ರೀಫಂಡ್ ಫಾರ್ಮ್’ ಎಂಬ ಪುಟ ಕಳಿಸಿ ಕಾರ್ಡಿನ ಸಂಖ್ಯೆಯನ್ನು ನಿಮ್ಮ ಕೈಯಿಂದಲೇ ತುಂಬಿಸುತ್ತಾರೆ, ಓಟಿಪಿಯನ್ನು ಮಾತ್ರ ಪರದೆಯಿಂದ ಎತ್ತಿಕೊಳ್ಳುತ್ತಾರೆ. ಕೆಲವರು ವಾಟ್ಸ್ಆ್ಯಪ್‌ನಲ್ಲಿ ಬ್ಯಾಂಕಿನ ಹೆಸರಿನ ಎಪಿಕೆ ಫೈಲು ಕಳಿಸುತ್ತಾರೆ. ಅದನ್ನು ಹಾಕಿಕೊಂಡರೆ ನಿಮಗೆ ಬರುವ ಮೆಸೇಜುಗಳು ಸದ್ದಿಲ್ಲದೆ ಅವರಿಗೆ ಹೋಗುತ್ತವೆ. ವಾಟ್ಸ್ಆ್ಯಪ್ ವಿಡಿಯೋ ಕರೆಯಲ್ಲೂ ಪರದೆ ಹಂಚುವ ಸೌಲಭ್ಯವಿದೆ, ಹೊಸ ಆ್ಯಪ್ ಏನೂ ಬೇಕಿಲ್ಲ. ಆದ್ದರಿಂದ ಆ್ಯಪ್‌ಗಳ ಹೆಸರು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ರೀಫಂಡಿನ ಹೆಸರಿನಲ್ಲಿ ಯಾರೇ ಪರದೆ ತೋರಿಸು ಎಂದರೂ, ಏನನ್ನೇ ಹಾಕಿಕೋ ಎಂದರೂ ಮಾತು ಅಲ್ಲಿಗೆ ಮುಗಿಯಬೇಕು.

6. ಹಣ ಬರಲು ಪಿನ್ ಬೇಡ

ಯುಪಿಐ ಪಿನ್ ಬೇಕಾಗುವುದು ಹಣ ಹೋಗಲು, ಇಲ್ಲವೇ ಬ್ಯಾಲೆನ್ಸ್ ನೋಡಲು. ಬರಲು ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಇದು ಬಹಳ ಜನಕ್ಕೆ ಗೊತ್ತಿದೆ, ಆದರೂ ಮೋಸ ಹೋಗುತ್ತಾರೆ. ಯಾಕೆ ಗೊತ್ತೇ? ಕಳ್ಳ ‘ಹಣ ಕಳಿಸಿ’ ಎಂಬ ಮಾತನ್ನೇ ಆಡುವುದಿಲ್ಲ. "ಇದು ನಿಮ್ಮ ರೀಫಂಡ್ ಕೋಡ್ ಸರ್, 24999. ಆ ಖಾಲಿ ಡಬ್ಬಿಯಲ್ಲಿ ಟೈಪ್ ಮಾಡಿ" ಅನ್ನುತ್ತಾನೆ. ಡಬ್ಬಿ ಇರುವುದು ಮೊತ್ತ ತುಂಬಲು. ಅವನು ಹೇಳಿದ ಕೋಡ್ ಇಪ್ಪತ್ತನಾಲ್ಕು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ರೂಪಾಯಿ. ಎರಡು, ನಾಲ್ಕು, ಒಂಬತ್ತು ಎಂದು ಬಿಡಿಬಿಡಿಯಾಗಿ ಹೇಳಿಸಿಕೊಂಡು ಒತ್ತುವಾಗ ಅದು ಮೊತ್ತ ಎಂದು ಹೊಳೆಯುವುದೇ ಇಲ್ಲ. ಹಣ ಹೋದ ಮೆಸೇಜು ಬಂದಾಗ, "ತಪ್ಪಾಗಿ ಕಟ್ ಆಗಿದೆ, ಎರಡೂ ಸೇರಿಸಿ ವಾಪಸ್ ಹಾಕುತ್ತೇನೆ, ಇನ್ನೊಂದು ಕೋಡ್ ಹಾಕಿ" ಅನ್ನುತ್ತಾನೆ. ಎರಡನೇ ಸಲವೂ ಹಾಕುವವರಿದ್ದಾರೆ, ಮೊದಲನೆಯದನ್ನು ವಾಪಸ್ ಪಡೆಯುವ ಆಸೆಯಿಂದ.

ವ್ಯಕ್ತಿಗಳು ಪರಸ್ಪರ ಹಣ ಕೇಳುವ ‘ಕಲೆಕ್ಟ್’ ವಿನಂತಿಯನ್ನು ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಇದರಿಂದ ಒಂದು ಕಿಂಡಿ ಮುಚ್ಚಿತು. ಕೋಡ್ ಎಂದು ಹೇಳಿ ಮೊತ್ತ ಒತ್ತಿಸುವ ಕಿಂಡಿ ಹಾಗೇ ಇದೆ, ಅದನ್ನು ಮುಚ್ಚಬೇಕಾದವರು ನಾವೇ. ಪಿನ್ ಒತ್ತುವ ಮೊದಲು ಪರದೆಯ ಮೇಲಿನ ಮೊತ್ತವನ್ನೂ ಹೆಸರನ್ನೂ ಒಮ್ಮೆ ಬಾಯಿಬಿಟ್ಟು ಓದಿ.

7. ಹೋಯಿತೆಂದು ಗೊತ್ತಾದರೆ ಮೊದಲು ಡೇಟಾ ಬಂದ್, ಆಮೇಲೆ 1930

ಕಳ್ಳನ ಜೊತೆ ವಾದಕ್ಕೆ ನಿಲ್ಲಬೇಡಿ. ವಾದ ಮಾಡಿದಷ್ಟೂ ಅವನಿಗೆ ಸಮಯ ಸಿಗುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಅವನ ಹಿಡಿತ ಕಡಿಯುತ್ತದೆ. ನಂತರ ಮನೆಯ ಇನ್ನೊಬ್ಬರ ಫೋನಿನಿಂದ, ಇಲ್ಲವಾದರೆ ನೆರೆಯವರ ಫೋನಿನಿಂದ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಗೆಂದೇ ಇರುವ ದೇಶದ ಸಹಾಯವಾಣಿ ಇದು. ಆನ್‌ಲೈನಿನಲ್ಲಾದರೆ `cybercrime.gov.in`. ನಿಮ್ಮ ಬ್ಯಾಂಕ್, ಎಷ್ಟು ಹೊತ್ತಿಗೆ ಎಷ್ಟು ಹೋಯಿತು, ಆ 12 ಅಂಕಿಯ ಯುಟಿಆರ್, ಕಳ್ಳನ ಫೋನ್ ನಂಬರ್ ಇಷ್ಟು ಕೈಯಲ್ಲಿರಲಿ.

ಇಲ್ಲಿ ಗಡಿಬಿಡಿ ಯಾಕೆ ಬೇಕೆಂದರೆ, ಕಳ್ಳನ ಕೈಗೆ ಸಿಕ್ಕ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಬಾಡಿಗೆಗೆ ಪಡೆದ ಬೇರೆಯವರ ಖಾತೆಗಳಿಗೆ ತುಂಡುತುಂಡಾಗಿ ಹಾರುತ್ತದೆ, ಕೊನೆಗೆ ಎಲ್ಲೋ ಒಂದು ಎಟಿಎಂನಲ್ಲಿ ನಗದಾಗುತ್ತದೆ. 1930ಕ್ಕೆ ಹೋದ ದೂರು ಆ ಬ್ಯಾಂಕುಗಳಿಗೆ ಆನ್‌ಲೈನಿನಲ್ಲೇ ತಲುಪುತ್ತದೆ. ಹಣ ಇನ್ನೂ ಖಾತೆಯಲ್ಲಿದ್ದರೆ ತಡೆಹಿಡಿಯುತ್ತಾರೆ. ನಗದಾಗಿ ಹೋದದ್ದನ್ನು ಹಿಡಿಯುವುದು ಕಷ್ಟ. ‘ನಾಳೆ ಮುಂಜಾನೆ ಕಲಘಟಗಿ ಠಾಣೆಗೆ ಹೋದರಾತು’ ಎಂದು ಮಲಗಿದರೆ ಆ ರಾತ್ರಿಯಲ್ಲೇ ಎಲ್ಲ ಮುಗಿದಿರುತ್ತದೆ. ಠಾಣೆಗೆ ಹೋಗಬೇಕು ನಿಜ, 1930 ಆದ ಮೇಲೆ ಹೋಗಿ.

ಅದರ ಬೆನ್ನಿಗೇ ಬ್ಯಾಂಕಿಗೆ ತಿಳಿಸಿ ಕಾರ್ಡು, ಯುಪಿಐ, ಮೊಬೈಲ್ ಬ್ಯಾಂಕಿಂಗ್ ಎಲ್ಲ ನಿಲ್ಲಿಸಿ. ತಿಳಿಸಿದ ಹೊತ್ತನ್ನೂ ದೂರಿನ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಗುಟ್ಟು ಬಿಟ್ಟುಕೊಟ್ಟಿದ್ದರಿಂದ ಆದ ನಷ್ಟ ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕರದು. ತಿಳಿಸಿದ ಮೇಲೂ ಹಣ ಹೋದರೆ ಅದು ಬ್ಯಾಂಕಿನದು. ಗ್ರಾಮೀಣ ಬ್ಯಾಂಕುಗಳಿಗೂ ಇದು ಅನ್ವಯ. ರಾತ್ರಿ 8ಕ್ಕೆ ತಿಳಿಸಿದ್ದೀರಿ, 8.40ಕ್ಕೆ ಇನ್ನೊಂದು ಮೊತ್ತ ಹೋಯಿತು ಅಂದರೆ ಆ ಎರಡನೆಯದನ್ನು ಕೇಳಲು ನಿಮ್ಮ ಕೈಯಲ್ಲಿರುವ ಆಧಾರ ಆ ಹೊತ್ತಿನ ಚೀಟಿಯೇ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ `cms.rbi.org.in` ಮೂಲಕ ದೂರಬಹುದು. ಮಾಹಿತಿ ಬೇಕಾದರೆ 14448.

ಫೋನಿನಿಂದ ಆ ಆ್ಯಪನ್ನೂ, ಎಪಿಕೆ ಹಾಕಿದ್ದರೆ ಅದನ್ನೂ ತೆಗೆದುಹಾಕಿ. ತೆಗೆಯುವ ಮುಂಚೆ ಕರೆಪಟ್ಟಿ, ಮೆಸೇಜು, ಆ ನಂಬರು ಸಿಕ್ಕ ಪುಟ ಇವುಗಳ ಫೋಟೋವನ್ನು ಇನ್ನೊಂದು ಫೋನಿನಿಂದ ತೆಗೆದುಕೊಳ್ಳಿ. ಪೊಲೀಸರಿಗೆ ಬೇಕಾಗುತ್ತದೆ. ಪಿನ್, ಪಾಸ್‌ವರ್ಡ್‌ಗಳನ್ನು ಬದಲಿಸುವುದು ಫೋನ್ ಸ್ವಚ್ಛವಾದ ಮೇಲೆ, ಅದಕ್ಕೂ ಮುಂಚೆ ಬದಲಿಸಿದರೆ ಹೊಸದೂ ಕಳ್ಳನ ಕಣ್ಣಿಗೆ ಬೀಳಬಹುದು.

8. ಎರಡನೇ ಸಲ ಬರುವವನನ್ನು ಒಳಗೆ ಬಿಡಬೇಡಿ

ಕೆಲವು ದಿನಗಳ ಮೇಲೆ ಒಂದು ಕರೆ ಬರಬಹುದು. "ಸೈಬರ್ ಇಲಾಖೆಯಿಂದ ಮಾತಾಡೋದು, ನಿಮ್ಮ ಹಣ ಸಿಕ್ಕಿದೆ, ಫೈಲಿನ ಖರ್ಚು ಕಟ್ಟಿದರೆ ನಿಮ್ಮ ಖಾತೆಗೆ ಹಾಕುತ್ತೇವೆ" ಅನ್ನುತ್ತಾರೆ. ಮೊದಲು ಮೋಸ ಹೋದವರ ಹೆಸರು, ನಂಬರು, ಹೋದ ಮೊತ್ತ ಎಲ್ಲವೂ ಆ ಗುಂಪಿನ ಬಳಿ ಇರುತ್ತದೆ, ಆದ್ದರಿಂದ ಮಾತು ನಿಜವೆಂದೇ ಕಾಣುತ್ತದೆ. 1930ಕ್ಕೆ ದೂರು ಕೊಡಲು ಒಂದು ರೂಪಾಯಿಯೂ ಬೇಕಿಲ್ಲ. ತಡೆಹಿಡಿದ ಹಣ ಕೈಗೆ ಬರುವುದು ಪೊಲೀಸರ ವರದಿ, ನ್ಯಾಯಾಲಯದ ಆದೇಶದಂಥ ಕಾಗದಪತ್ರದ ಮೂಲಕ. ಅದಕ್ಕೆ ಫೋನಿನಲ್ಲಿ ಯಾರೂ ಫೀಸು ಕೇಳುವುದಿಲ್ಲ. ಅಂಥ ಕರೆ ಬಂದರೆ ನಿಮ್ಮ ದೂರಿನ ಸಂಖ್ಯೆ ಹಿಡಿದುಕೊಂಡು ನೀವು ದೂರು ಕೊಟ್ಟ ಠಾಣೆಗೇ ಹೋಗಿ ಕೇಳಿ. ಕರೆ ಮಾಡಿದ ನಂಬರನ್ನೂ ಅದೇ ದೂರಿಗೆ ಸೇರಿಸಲು ಹೇಳಿ.